ಕೀಲಿ ಕೈಸೇರುವ ಮೊದಲಿನ ಮೂವತ್ತು ದಿನ
ಕೊಚ್ಚಿ, ತಿರುವನಂತಪುರಗಳಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರಿಗೊಂದು ಬಹಿರಂಗ ಪತ್ರ



ಬ್ಯಾಂಕಿನ ವರ್ಗಾವಣೆಯ ಮೇಲೆ ಎರ್ಣಾಕುಳಕ್ಕೆ ಹೋಗಿ ಅಲ್ಲಿಯೇ ಫ್ಲ್ಯಾಟ್ ಕೊಂಡವರು, ಕಾಸರಗೋಡಿನಿಂದ ಸರ್ಕಾರಿ ಕೆಲಸಕ್ಕೆಂದು ತಿರುವನಂತಪುರ ಸೇರಿ ನಿವೃತ್ತಿಯ ನಂತರ ಊರಿಗೆ ಮರಳಿದವರು, ಮಗನೋ ಮಗಳೋ ಇನ್ಫೋಪಾರ್ಕಿನಲ್ಲೋ ಟೆಕ್ನೋಪಾರ್ಕಿನಲ್ಲೋ ಇದ್ದಾಗ ಮನೆ ಮಾಡಿ, ಈಗ ಅವರು ಬೇರೆ ದೇಶಕ್ಕೆ ಹೋದ ಮೇಲೆ ಅದನ್ನು ಬಾಡಿಗೆಗೆ ಬಿಟ್ಟವರು: ಈ ಪತ್ರ ನಿಮಗಾಗಿ. ನಿಮ್ಮಲ್ಲಿ ಹೆಚ್ಚಿನವರು ಮನೆಯಿಂದ ದೂರದಲ್ಲಿದ್ದೀರಿ. ಕಾಸರಗೋಡಿನಿಂದ ತಿರುವನಂತಪುರಕ್ಕೆ ವಂದೇ ಭಾರತ್ ರೈಲಿಗೂ ಸುಮಾರು ಎಂಟು ಗಂಟೆ ಬೇಕು. ಹಾಗಾಗಿ ಬಾಡಿಗೆದಾರ ಖಾಲಿ ಮಾಡಿದ ದಿನ ಹೋಗಿ ಬೀಗ ಹಾಕಿ ಬರುವುದು, ಪೇಂಟರ್ ಸಿಕ್ಕಾಗ ಇನ್ನೊಮ್ಮೆ ಹೋಗುವುದು, ಹೊಸಬರು ಬಂದಾಗ ಮತ್ತೊಮ್ಮೆ ಹೋಗುವುದು, ಹೀಗೆ ನಡೆಯುತ್ತದೆ. ಅಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ.

ಅಷ್ಟು ದಿನ ಬೇಕಿಲ್ಲ. ಎರಡು ಕೋಣೆಯ ಫ್ಲ್ಯಾಟೊಂದು ಹಳಬರ ಕೈಯಿಂದ ಹೊಸಬರ ಕೈಗೆ ಹೋಗಲು ಮೂರು ಖಾಲಿ ದಿನ ಸಾಕು. ಆದರೆ ಆ ಮೂರು ದಿನಗಳ ಕೆಲಸ ಅದಕ್ಕೂ ಹಿಂದಿನ ಮೂವತ್ತು ದಿನಗಳಲ್ಲಿ ನಿಶ್ಚಯವಾಗಿರಬೇಕು. ಅದರಲ್ಲೂ ಗೋಡೆಯ ತೇವದ ವಿಷಯ ಹಳೆಯ ಬಾಡಿಗೆದಾರ ಮನೆಯಲ್ಲಿರುವಾಗಲೇ ಗೊತ್ತಾಗಿರಬೇಕು.

ತೇವವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೇರಳದಲ್ಲಿ ಶಾಲೆಗಳು ಜೂನ್ ಮೊದಲ ವಾರ ತೆರೆಯುತ್ತವೆ. ಮಕ್ಕಳಿರುವ ಕುಟುಂಬಗಳು ಮೇ ಕೊನೆಗೆ ಮನೆ ಬದಲಿಸುತ್ತವೆ. ನೈಋತ್ಯ ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನವೂ ಜೂನ್ 1. ಬಾಡಿಗೆದಾರರು ಅತಿ ಹೆಚ್ಚು ಓಡಾಡುವ ವಾರದಲ್ಲೇ ಗೋಡೆ ಒಣಗುವುದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಮನೆ ಎರಡು ವಾರ ಖಾಲಿ ಬಿದ್ದರೆ ಧೂಳು ಕೂರುತ್ತದೆ, ಅಷ್ಟೆ. ಕಾಕ್ಕನಾಡಿನ ಫ್ಲ್ಯಾಟನ್ನು ಜೂನ್ ತಿಂಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಎರಡು ವಾರ ಬಿಟ್ಟರೆ ವಾರ್ಡ್‌ರೋಬಿನ ಒಳಹಲಗೆಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಬಾತ್‌ರೂಮಿಗೆ ತಗುಲಿದ ಗೋಡೆಯ ಮೇಲೆ ಕಪ್ಪು ಚುಕ್ಕಿ ಏಳುತ್ತವೆ. ಒಮ್ಮೆ ತೊಳೆಸಿದ ಮನೆಯನ್ನು ಮತ್ತೆ ತೊಳೆಸಬೇಕಾಗುತ್ತದೆ. ಖಾಲಿ ದಿನ ಹೆಚ್ಚಿದಷ್ಟೂ ಕೆಲಸವೂ ಹೆಚ್ಚುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಬಾಡಿಗೆ ತಿಂಗಳಿಗೆ ₹21,000 ಎಂದಿಟ್ಟುಕೊಂಡರೆ ದಿನಕ್ಕೆ ₹700. ಹನ್ನೆರಡು ದಿನ ಖಾಲಿ ಇದ್ದರೆ ₹8,400, ಮೂರು ದಿನವಾದರೆ ₹2,100. ನಡುವಿನ ₹6,300 ಮಾಲೀಕರ ಕೈಯಿಂದ ಹೋಗುವಂಥದ್ದು. ಅಸೋಸಿಯೇಷನ್‌ಗೆ ಕಟ್ಟುವ ಮೆಂಟೆನೆನ್ಸ್ ಇದರ ಮೇಲೆ. ಪೇಂಟರ್ ಇನ್ನೂರು ರೂಪಾಯಿ ಹೆಚ್ಚು ಕೇಳಿದನೆಂದು ಇನ್ನೊಬ್ಬನನ್ನು ಹುಡುಕುತ್ತ ಮೂರು ದಿನ ಕಳೆಯುವ ಮಾಲೀಕರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು.

ಈಗ ಕ್ರಮಕ್ಕೆ ಬರೋಣ. ಬಾಡಿಗೆದಾರ ಒಂದು ತಿಂಗಳ ನೋಟಿಸ್ ಕೊಟ್ಟ ದಿನವೇ ಕೆಲಸ ಶುರು. ಮೊದಲ ವಾರದೊಳಗೆ, ಅಂದರೆ ಮನೆ ಬಿಡಲು ಸುಮಾರು ಮೂರು ವಾರ ಇರುವಾಗ, ಒಬ್ಬರು ಹೋಗಿ ಮನೆ ನೋಡಿ ಬರಬೇಕು. ನೀವೇ ಹೋಗಬಹುದು, ನಂಬಿಕೆಯ ಕೇರ್‌ಟೇಕರ್ ಹೋಗಬಹುದು. ಹೋಗುವ ಮೊದಲು ಬಾಡಿಗೆದಾರರನ್ನು ಕೇಳಿ ಸಮಯ ಗೊತ್ತುಮಾಡಿಕೊಳ್ಳುವುದು ಮರ್ಯಾದೆ. ಅವರು ಅಲ್ಲಿರುವ ತನಕ ಅದು ಅವರ ಮನೆ. ಹೊಸಬರಿಗೆ ಮನೆ ತೋರಿಸುವುದಕ್ಕೂ ಇದೇ ಮಾತು: ಶನಿವಾರ ಸಂಜೆ ನಾಲ್ಕರಿಂದ ಆರು ಎಂದು ಒಂದೇ ಹೊತ್ತು ಗೊತ್ತು ಮಾಡಿ, ನೋಡುವವರನ್ನೆಲ್ಲ ಅದೇ ಹೊತ್ತಿಗೆ ಕರೆದರೆ ಹಳಬರಿಗೆ ಕಿರಿಕಿರಿಯಾಗದು. ಕಿರಿಕಿರಿಯಾಗದಿದ್ದರೆ ಅವರು ಮನೆಯನ್ನು ಒಪ್ಪವಾಗಿ ತೋರಿಸುತ್ತಾರೆ.

ಆ ಮೊದಲ ಭೇಟಿಯಲ್ಲಿ ನೋಡಬೇಕಾದ್ದು ಕೊಳೆಯನ್ನಲ್ಲ, ಕೊಳೆ ಹೇಗೂ ಹೋಗುತ್ತದೆ. ನೋಡಬೇಕಾದ್ದು ಒಣಗಲು ಸಮಯ ಬೇಡುವ ಸಂಗತಿಗಳನ್ನು. ಬಾತ್‌ರೂಮಿನ ಆಚೆ ಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿದ್ದರೆ ಅಲ್ಲಿ ಒಂದು ಚದರಡಿಯಷ್ಟು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಬೇಕು. ಮರುದಿನ ಹನಿಗಳು ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆಗೆ ಕಂಡರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಂಡರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಇಳಿಯುತ್ತದೆ. ಹಾಳೆ ಹಚ್ಚಿದ ಮರುದಿನ ಬಾಡಿಗೆದಾರರೇ ಅದರ ಫೋಟೊ ತೆಗೆದು ವಾಟ್ಸಾಪ್ ಮಾಡಿದರೆ ಸಾಕು, ಎರಡನೆಯ ಸಲ ಹೋಗುವ ಅಗತ್ಯವಿಲ್ಲ.

ಗೋಡೆಯೊಳಗೆ ನೀರಿದೆ ಎಂದು ಗೊತ್ತಾದರೆ ನಿರ್ಧಾರ ಬದಲಾಗುತ್ತದೆ. ಅದರ ಮೇಲೆ ಪುಟ್ಟಿ ಎಳೆದು ಬಣ್ಣ ಬಳಿದರೆ ಒಂದೆರಡು ತಿಂಗಳಲ್ಲೇ ಮತ್ತೆ ಹೊಪ್ಪಳೆ ಏಳುತ್ತದೆ, ಹೊಸ ಬಾಡಿಗೆದಾರರ ಜೊತೆ ಮೊದಲ ಜಗಳ ಅದೇ ಆಗುತ್ತದೆ. ಸೋರುವುದು ಬಾತ್‌ರೂಮಿನ ಟೈಲ್ಸ್ ಸಂದಿಯಿಂದಲೋ ಗೋಡೆಯೊಳಗಿನ ಪೈಪಿನಿಂದಲೋ ಎಂದು ಪ್ಲಂಬರ್ ನೋಡಬೇಕು. ಸಂದಿಯಾಗಿದ್ದರೆ ಹಳೆಯ ಗ್ರೌಟ್ ಕೆರೆದು ಎಪಾಕ್ಸಿ ತುಂಬುವ ಕೆಲಸವನ್ನು ಮನೆ ಖಾಲಿಯಾದ ಮೊದಲ ಮಧ್ಯಾಹ್ನಕ್ಕೇ ಇಡಬೇಕು, ಏಕೆಂದರೆ ಅದು ಗಟ್ಟಿಯಾಗಲು ಒಂದು ದಿನ ನೀರು ತಾಕಬಾರದು. ಆದರೆ ಆ ಗೋಡೆ ಮಳೆಗಾಲದಲ್ಲಿ ಮೂರು ದಿನಕ್ಕೆ ಒಣಗುವುದಿಲ್ಲ. ಅದನ್ನು ಕೆರೆದು ಬಿಟ್ಟು, ಡಿಸೆಂಬರ್ ಅಥವಾ ಜನವರಿಯಲ್ಲಿ ಬಣ್ಣ ಹೊಡೆಸುತ್ತೇವೆ ಎಂದು ಹೊಸ ಬಾಡಿಗೆದಾರರಿಗೆ ಮೊದಲೇ ಹೇಳಿ, ಒಪ್ಪಂದದಲ್ಲಿ ಒಂದು ಸಾಲು ಬರೆಯುವುದು ಸರಿಯಾದ ದಾರಿ. ತೋರಿಸಿ ಒಪ್ಪಿಸಿದ ದೋಷಕ್ಕೆ ಜನ ತಕರಾರು ಮಾಡುವುದು ಕಡಿಮೆ. ಮುಚ್ಚಿಟ್ಟದ್ದನ್ನು ಅವರು ಮರೆಯುವುದಿಲ್ಲ.

ಎರಡು ವಾರ ಇರುವಾಗ ಕೆಲಸದವರನ್ನು ಗೊತ್ತುಮಾಡಬೇಕು. ಕೊಚ್ಚಿಯಲ್ಲಿ ಬಣ್ಣದ ಕೆಲಸಕ್ಕೂ ಕ್ಲೀನಿಂಗ್‌ಗೂ ಬರುವವರಲ್ಲಿ ಬಂಗಾಳ, ಅಸ್ಸಾಂ, ಒಡಿಶಾದವರು ಬಹಳ. ಬಕ್ರೀದ್‌ಗೆ, ದುರ್ಗಾಪೂಜೆಗೆ, ಅವರ ರಾಜ್ಯದ ಚುನಾವಣೆಗೆ ಅವರು ಗುಂಪಾಗಿ ಊರಿಗೆ ಹೋಗುತ್ತಾರೆ. ಓಣಂ ವಾರದಲ್ಲಿ ಮಲಯಾಳಿ ಪ್ಲಂಬರ್, ಎಲೆಕ್ಟ್ರಿಷಿಯನ್ ಸಿಗುವುದು ಕಷ್ಟ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಮನೆ ಬಿಡುವ ದಿನವನ್ನು ಬಾಡಿಗೆದಾರರ ಜೊತೆ ಮಾತಾಡಿ ಒಂದೆರಡು ದಿನ ಆಚೀಚೆ ಮಾಡಿಕೊಳ್ಳಬಹುದು. ಫೋನಿನಲ್ಲಿ ಬರುತ್ತೇನೆ ಎಂದ ಪೇಂಟರನ್ನು ಲೆಕ್ಕಕ್ಕೆ ಹಿಡಿಯಬಾರದು. ಮನೆ ಬಿಡಲು ಹತ್ತು ದಿನ ಇರುವಾಗ ಬಂದು ಗೋಡೆ ನೋಡಿ, ಎಷ್ಟು ಲೀಟರ್ ಬಣ್ಣ ಬೇಕೆಂದು ಹೇಳಿ ಹೋದವನು ಬರುವ ಪೇಂಟರ್. ಬಣ್ಣದ ಕಂಪನಿ ಮತ್ತು ಶೇಡ್ ನಂಬರ್ ಬರೆದಿಟ್ಟುಕೊಂಡು ಡಬ್ಬಿಗಳನ್ನು ಮುಂಚೆಯೇ ತರಿಸಿ ಸೆಕ್ಯುರಿಟಿ ಕೋಣೆಯಲ್ಲಿ ಇಡಿಸಿದರೆ, ಆ ದಿನ ಅಂಗಡಿಗೆ ಓಡುವ ಅರ್ಧ ದಿನ ಉಳಿಯುತ್ತದೆ.

ಅದೇ ವಾರ ಬಾಡಿಗೆದಾರರಿಗೆ ಇನ್ನೊಂದು ಮಾತು ಹೇಳಬೇಕು: ಬಿಟ್ಟುಹೋಗುವ ಹಾಸಿಗೆ, ಒಡೆದ ಕುರ್ಚಿ, ಹಳೆಯ ಚಪ್ಪಲಿಗಳ ವಿಷಯ. ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ, ಡಬಲ್ ಹಾಸಿಗೆಯನ್ನು ಕರೆದ ದಿನವೇ ಹೊತ್ತುಕೊಂಡು ಹೋಗಲಾರರು. 2023ರ ಮಾರ್ಚ್‌ನಲ್ಲಿ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಕೊಚ್ಚಿ ದಿನಗಟ್ಟಲೆ ಹೊಗೆ ಕುಡಿದ ಮೇಲೆ, ರಸ್ತೆ ಬದಿ ಕಸ ಎಸೆಯುವವರ ಮೇಲೆ ಕಣ್ಣು ಹೆಚ್ಚಾಗಿದೆ. ಗುಜರಿಯವರನ್ನು, ಅಲ್ಲಿನವರು ಆಕ್ರಿ ಎನ್ನುವವರನ್ನು, ಮನೆ ಬಿಡುವ ಹಿಂದಿನ ದಿನಕ್ಕೇ ಕರೆಸಿಕೊಳ್ಳುವಂತೆ ಬಾಡಿಗೆದಾರರಿಗೆ ತಿಳಿಸಿದರೆ ಒಂದು ಹಾಸಿಗೆಯ ದೆಸೆಯಿಂದ ಕ್ಲೀನಿಂಗ್ ನಿಲ್ಲುವುದಿಲ್ಲ.

ಸಾಮಾನು ಸಾಗಿಸುವುದರಲ್ಲೂ ಕೇರಳದ್ದೇ ಆದ ಸಂಗತಿಯಿದೆ. ಹೊರೆ ಎತ್ತುವ ಕೆಲಸಗಾರರಿಗೆ ಅಲ್ಲಿ 1978ರ ಕಾಯ್ದೆಯಿದೆ, ಬಲವಾದ ಸಂಘಟನೆಯಿದೆ. ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುತ್ತಿದ್ದ ನೋಕ್ಕುಕೂಲಿಯನ್ನು ಸರ್ಕಾರ 2018ರ ಮೇ 1ರಿಂದ ನಿಲ್ಲಿಸಿತು. ಆದರೂ ಲಾರಿ ಬಂದು ನಿಂತ ಮೇಲೆ ಕೂಲಿಯ ಮಾತು ಶುರುವಾದರೆ ಬೆಳಿಗ್ಗೆಯ ಹೊತ್ತು ಹೋಗುತ್ತದೆ. ಸಾಮಾನು ಇಳಿಸುವವರು ಯಾರು, ಕೂಲಿ ಎಷ್ಟು ಎಂಬುದನ್ನು ಹಳಬರೂ ಹೊಸಬರೂ ಹಿಂದಿನ ದಿನವೇ ಮಾತಾಡಿಕೊಂಡಿರಲಿ. ಫ್ಲ್ಯಾಟ್ ಅಸೋಸಿಯೇಷನ್‌ಗಳಲ್ಲಿ ಲಿಫ್ಟಿನಲ್ಲಿ ಸಾಮಾನು ಸಾಗಿಸಲು ಗೊತ್ತಾದ ಹೊತ್ತು ಇರುತ್ತದೆ. ಹಲವೆಡೆ ಭಾನುವಾರ ಸಾಗಣೆಯೂ ಇಲ್ಲ, ಡ್ರಿಲ್ಲಿಂಗೂ ಇಲ್ಲ. ಬಾಕಿ ಇಲ್ಲವೆಂಬ ಚೀಟಿ ಕೊಡದೆ ಗೇಟಿನಿಂದ ಲಾರಿ ಬಿಡದ ಅಸೋಸಿಯೇಷನ್‌ಗಳೂ ಇವೆ.

ಈ ಭಾನುವಾರವನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು. ಕಾಕ್ಕನಾಡಿನ ಎರಡು ಕೋಣೆಯ ಫ್ಲ್ಯಾಟೊಂದನ್ನು ಕಲ್ಪಿಸಿಕೊಳ್ಳಿ. ಮೇ ಕೊನೆಯ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಳೆಯ ಬಾಡಿಗೆದಾರರು ಕೀಲಿ ಕೊಡುತ್ತಾರೆ, ಸೋಮವಾರ ಹೊಸಬರು ಬರುತ್ತಾರೆ. ಶುಕ್ರ, ಶನಿ, ಭಾನು ಮಾತ್ರ ಬಾಡಿಗೆ ಇಲ್ಲದ ದಿನಗಳು.

ಗುರುವಾರ ಕೀಲಿ ಕೈಗೆ ಬಂದ ಕೂಡಲೇ ಮಾಲೀಕರೂ ಹಳೆಯ ಬಾಡಿಗೆದಾರರೂ ಕೂಡಿ ಮನೆ ಸುತ್ತುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಒಟ್ಟಿಗೆ ಬರುತ್ತಾರೆ, ಎರಡು ಗಂಟೆಗೆ ಎಸಿಯವರು. ಎಸಿ ತೊಳೆದರೆ ಕಪ್ಪು ನೀರು ಗೋಡೆಯ ಮೇಲೆ ಇಳಿಯುತ್ತದೆ, ಆದ್ದರಿಂದ ಅದು ಬಣ್ಣಕ್ಕಿಂತ ಮೊದಲೇ ಮುಗಿಯಬೇಕು. ಸಿಂಕಿನ ಅಂಚಿಗೆ ಸಿಲಿಕೋನ್ ಹಾಕುವುದೂ ಅದೇ ಸಂಜೆ. ಶುಕ್ರವಾರ ಬೆಳಿಗ್ಗೆ ಪೇಂಟರ್ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮಧ್ಯಾಹ್ನದ ನಂತರ ಮೊದಲ ಕೋಟ್ ಹೊಡೆಯುತ್ತಾನೆ. ಒಣ ಹವೆಯಲ್ಲಿ ನಾಲ್ಕಾರು ಗಂಟೆಗೆ ಎರಡನೆಯ ಕೋಟ್ ಹೊಡೆಯಬಹುದು. ಮಳೆ ಹಿಡಿದಿದ್ದರೆ ಒಂದು ರಾತ್ರಿ ಫ್ಯಾನ್ ಹಾಕಿ ಬಿಡಲೇಬೇಕು. ಶನಿವಾರ ಬೆಳಿಗ್ಗೆ ಎರಡನೆಯ ಕೋಟ್, ಮಧ್ಯಾಹ್ನ ಒಂದಕ್ಕೆ ಪೇಂಟರ್ ಹೊರಗೆ. ಮಧ್ಯಾಹ್ನದಿಂದ ಬಣ್ಣವಿಲ್ಲದ ಬಾತ್‌ರೂಮುಗಳೂ ಅಡುಗೆಮನೆಯ ಚಿಮಣಿಯೂ ಕ್ಲೀನಿಂಗ್‌ನವರ ಕೈಗೆ. ಭಾನುವಾರ ಸದ್ದಿಲ್ಲದ ಕೆಲಸ: ಮೂರು ಜನ ಫ್ಯಾನಿನ ರೆಕ್ಕೆಯಿಂದ ಶುರುಮಾಡಿ ಕಪಾಟು, ಕಿಟಕಿಯ ಹಳಿ, ಸ್ವಿಚ್‌ಬೋರ್ಡ್ ಒರೆಸುತ್ತ ಕೊನೆಗೆ ನೆಲಕ್ಕೆ ಇಳಿಯುತ್ತಾರೆ. ಸಂಜೆ ನೆಲ ಒಣಗಿದ ಮೇಲೆ ಜಿರಳೆಗೆ ಜೆಲ್ ಇಡುವುದು. ಅದನ್ನು ಮೊದಲೇ ಇಟ್ಟರೆ ಕ್ಲೀನಿಂಗ್‌ನವರು ಒರೆಸಿ ಎಸೆಯುತ್ತಾರೆ, ದುಡ್ಡು ದಂಡ. ಆ ರಾತ್ರಿ ವಾರ್ಡ್‌ರೋಬಿನ ಬಾಗಿಲುಗಳೆಲ್ಲ ತೆರೆದಿರಲಿ. ಸೋಮವಾರ ಬೆಳಿಗ್ಗೆ ಬೀಗದ ಸಿಲಿಂಡರ್ ಬದಲಿಸಿದರೆ ಮನೆ ಸಿದ್ಧ.

ಶುಕ್ರವಾರ ಹತ್ತು ಗಂಟೆಯಾದರೂ ಪೇಂಟರ್ ಬರದಿದ್ದರೆ? ಆ ಪ್ರಶ್ನೆಗೆ ಉತ್ತರ ಗುರುವಾರವೇ ಸಿದ್ಧವಿರಬೇಕು. ಎರಡನೆಯ ಪೇಂಟರಿಗೆ ಫೋನ್ ಹೋಗಬೇಕು, ಅವನಿಗೆ ಹೇಳುವ ಕೆಲಸವೂ ಚಿಕ್ಕದಾಗಿರಬೇಕು: ಹಾಲಿನ ಗೋಡೆ ಮಾತ್ರ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ. ಹಳೆಯ ಬಣ್ಣದ ನಡುವೆ ತೇಪೆ ಹಚ್ಚಿದರೆ ಅದೇ ಶೇಡ್ ಆದರೂ ಎದ್ದು ಕಾಣುತ್ತದೆ. ಪೇಂಟರ್ ತಡವಾದನೆಂದು ಕ್ಲೀನಿಂಗ್‌ನವರನ್ನು ಮೊದಲು ಕರೆಸಿ ನೆಲ ಉಜ್ಜಿಸುವುದನ್ನು ಮಾತ್ರ ಮಾಡಬಾರದು. ಪುಟ್ಟಿಯ ಪುಡಿ ಪ್ರತಿ ಸಂದಿಗೂ ಹೋಗುತ್ತದೆ, ಮತ್ತೆ ಪೂರ್ತಿ ಕ್ಲೀನಿಂಗ್ ಮಾಡಿಸಬೇಕಾಗುತ್ತದೆ.

ಬಾತ್‌ರೂಮಿನ ಕಲೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೊಸ ಬಾಡಿಗೆದಾರರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಮುರಕಲ್ಲಿನ ನೆಲದ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ಬಕೆಟಿನಲ್ಲಿ ತಿಳಿಯಾಗಿ ಕಂಡ ನೀರು ಒಂದು ರಾತ್ರಿ ಇಟ್ಟ ಮೇಲೆ ಕಂದಾಗಿ, ತಳದಲ್ಲಿ ಕೆಂಪು ಗಸಿ ಕೂತರೆ ಅದೇ. ಕಮೋಡಿನಲ್ಲಿ, ನಲ್ಲಿಯ ಕೆಳಗಿನ ಟೈಲ್ಸಿನಲ್ಲಿ ಕಾಣುವ ಕಿತ್ತಳೆ-ಕಂದು ಗೆರೆ ಆ ಕಬ್ಬಿಣದ್ದು. ಕೇರಳದ ಮನೆಗಳಲ್ಲಿ ಬಾವಿಗೆ ಹಾಕಲೆಂದು ಬ್ಲೀಚಿಂಗ್ ಪೌಡರ್ ಸದಾ ಇರುತ್ತದೆ, ಕೆಲಸದವರು ಅದನ್ನೇ ಎರಚುತ್ತಾರೆ. ಬ್ಲೀಚ್ ತಾಕಿದ ಕಬ್ಬಿಣದ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಬೇಕಾದ್ದು ಆಕ್ಸಾಲಿಕ್ ಆಸಿಡ್, ಹಾರ್ಡ್‌ವೇರ್ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. ಒಂದು ಲೀಟರ್ ಬಿಸಿನೀರಿಗೆ ಒಂದೆರಡು ಚಮಚ ಕದಡಿ, ಗ್ಲೌಸ್ ಹಾಕಿಕೊಂಡು ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ, ಧಾರಾಳವಾಗಿ ನೀರು ಸುರಿಯಬೇಕು. ಇದು ವಿಷ, ಮಕ್ಕಳ ಕೈಗೆ ಸಿಗಬಾರದು. ಅಮೃತಶಿಲೆಯ ಮೇಲೆ ಬೀಳಬಾರದು, ಹೊಳಪು ಹೋಗುತ್ತದೆ.

ನಲ್ಲಿಯ ಬಾಯಿಯಲ್ಲಿ ಕಟ್ಟಿದ ಬಿಳಿ ಪದರ ಬೇರೆ ಜಾತಿ. ವಿನೆಗರ್ ಒಂದು ಹನಿ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣದ್ದು, ವಿನೆಗರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇಷ್ಟು: ಟಾಯ್ಲೆಟ್ ತೊಳೆಯುವ ಆಸಿಡ್ ಇರುವ ದ್ರವವೂ ಬ್ಲೀಚಿಂಗ್ ಪೌಡರೂ ಒಂದೇ ಹೊತ್ತಿಗೆ ಒಂದೇ ಕಮೋಡಿಗೆ ಬೀಳಬಾರದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಬಗ್ಗಿ ಕೆಲಸ ಮಾಡುವವರು ನಿಮಗಾಗಿ ಅಲ್ಲಿದ್ದಾರೆ. ಅವರಿಗೆ ಇದನ್ನು ಅರ್ಥವಾಗುವ ಭಾಷೆಯಲ್ಲಿ, ಬಹುಮಟ್ಟಿಗೆ ಹಿಂದಿಯಲ್ಲಿ, ಮೊದಲೇ ಹೇಳುವ ಹೊಣೆ ನಿಮ್ಮದು.

ಗುರುವಾರದ ಸುತ್ತಿನಲ್ಲಿ ಕೈಯಲ್ಲಿರಬೇಕಾದ ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಯಬೇಕು. ಬಾಗಿಲಿನಲ್ಲಿ ಎಷ್ಟು ಕೀಲಿ ಕೊಟ್ಟಿದ್ದೆವು, ಎಷ್ಟು ಬಂದವು, ಗೇಟಿನ ಕಾರ್ಡ್ ಬಂತೇ ಎಂಬುದು ಮೊದಲ ಸಾಲು. ನಂತರ ವಿದ್ಯುತ್ ಮತ್ತು ನೀರಿನ ಮೀಟರುಗಳ ಫೋಟೊ. ಎಲ್ಲ ನಲ್ಲಿ ಮುಚ್ಚಿ ಹದಿನೈದು ನಿಮಿಷದ ಮೇಲೂ ನೀರಿನ ಮೀಟರಿನ ಮುಳ್ಳು ಸರಿದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಒಂದು ಚಿಟಿಕೆ ಅಡುಗೆಬಣ್ಣ ಹಾಕಿ ಕಮೋಡಿನಲ್ಲಿ ಬಣ್ಣ ಇಳಿಯುತ್ತದೆಯೇ ನೋಡುವುದು, ಪ್ರತಿ ಸ್ವಿಚ್ ಒತ್ತುವುದು, ಗೀಸರ್ ಹತ್ತು ನಿಮಿಷ ಹಾಕುವುದು, ಕಿಟಕಿಗಳ ಕೊಂಡಿ ಮತ್ತು ಸೊಳ್ಳೆಜಾಲಿ, ಬಾಲ್ಕನಿಯ ನೀರು ಹೋಗುವ ತೂತಿಗೆ ಒಂದು ಬಕೆಟ್ ನೀರು ಸುರಿದು ನೋಡುವುದು. ಕೊನೆಯ ತೂತು ಮುಖ್ಯ, ಜೂನ್ ಮಳೆಗೆ ಅದು ಕಟ್ಟಿದರೆ ನೀರು ಹಾಲಿಗೇ ಬರುತ್ತದೆ. ಹಾಳೆಯ ಕೆಳಗೆ ಇಬ್ಬರ ಸಹಿ. ಅಡ್ವಾನ್ಸಿನಿಂದ ಏನಾದರೂ ಕಳೆಯುವುದಿದ್ದರೆ ಆ ಹಾಳೆಯ ಆಧಾರದ ಮೇಲೆ ಮಾತ್ರ. ಮೊಳೆಯ ತೂತು, ಮಾಸಿದ ಬಣ್ಣ ವಾಸದ ಸವೆತ. ಒಡೆದ ವಾಶ್‌ಬೇಸಿನ್ ಬೇರೆ.

ಮೀಟರ್ ಫೋಟೊಗೆ ಕಾರಣ, ಕೆಎಸ್ಇಬಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಮಾಡುತ್ತದೆ. ನಡುವೆ ಬಿಟ್ಟುಹೋದವರ ಎಸಿಯ ಯೂನಿಟ್‌ಗಳು ಹೊಸಬರ ಬಿಲ್ಲಿಗೆ ಬಂದು ಸೇರುತ್ತವೆ. ತಿಂಗಳಿಗೆ 250 ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗಳಿಗೂ ಮೇಲಿನ ದರ ಬೀಳುವುದರಿಂದ, ಹೊಸಬರಿಗೆ ಬರುವ ಮೊತ್ತ ಬೆಚ್ಚಿಬೀಳಿಸುವಂತಿರಬಹುದು. ಹಳಬರ ಪಾಲು ಫೋಟೊದ ಲೆಕ್ಕದಲ್ಲೇ ಇತ್ಯರ್ಥವಾಗಲಿ.

ತಿರುವನಂತಪುರದಲ್ಲಿ ಚಿತ್ರ ಸ್ವಲ್ಪ ಬೇರೆ. ಕಳಕ್ಕೂಟ್ಟಂ, ಶ್ರೀಕಾರ್ಯಂ ಕಡೆ ಬಾಡಿಗೆಗೆ ಸಿಗುವ ಮನೆಗಳಲ್ಲಿ ಬಿಡಿ ಮನೆಗಳೂ ಮನೆಯ ಮೇಲಿನ ಮಹಡಿಗಳೂ ಬಹಳ. ಅಸೋಸಿಯೇಷನ್ ಕಟ್ಟುಪಾಡಿಲ್ಲ, ಭಾನುವಾರವೂ ಲಾರಿ ಬರಬಹುದು. ಅದರ ಬದಲು ಓವರ್‌ಹೆಡ್ ಟ್ಯಾಂಕ್ ತೊಳೆಯುವುದು, ಸಜ್ಜಾದ ಮೇಲೆ ಬಿದ್ದ ಹಲಸಿನೆಲೆ ತೆಗೆಸುವುದು, ಬಾವಿಯ ಮೋಟರ್ ನೋಡುವುದು ಪಟ್ಟಿಗೆ ಸೇರುತ್ತವೆ. ಮಳೆ ಕೊಚ್ಚಿಗಿಂತ ಕಡಿಮೆ, ಆದರೆ ಅಕ್ಟೋಬರ್-ನವೆಂಬರಿನ ತುಲಾವರ್ಷ ಅಲ್ಲಿ ಮರೆಯುವ ಹಾಗಿಲ್ಲ.

ಮೆಡಿಕಲ್ ಕಾಲೇಜ್, ಉಳ್ಳೂರ್, ಕುಮಾರಪುರಂ ಸುತ್ತ ಮನೆ ಇರುವವರಿಗೆ ಮೂರು ದಿನದ ಗುರಿಯನ್ನು ಸಡಿಲಿಸಿ ಎಂದು ಕೇಳಬೇಕಾಗಿದೆ. ರೀಜನಲ್ ಕ್ಯಾನ್ಸರ್ ಸೆಂಟರಿಗೂ ಶ್ರೀ ಚಿತ್ರಾ ಸಂಸ್ಥೆಗೂ ದೂರದೂರಿನಿಂದ ಬಂದವರು ಅಲ್ಲಿ ವಾರಕ್ಕೋ ತಿಂಗಳಿಗೋ ಮನೆ ಹಿಡಿಯುತ್ತಾರೆ. ಕೀಮೋ ತೆಗೆದುಕೊಳ್ಳುತ್ತಿರುವವರ ದೇಹಕ್ಕೆ ಬೂಷ್ಟು ಅಪಾಯಕಾರಿ, ಹಸಿ ಬಣ್ಣದ ವಾಸನೆ ಅಸಹನೀಯ. ಅಂಥ ಮನೆಗೆ ಎರಡು ಬಾಡಿಗೆಗಳ ನಡುವೆ ಬಣ್ಣ ಹೊಡೆಸಬಾರದು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಒಂದು ವಾರ ಮನೆ ಖಾಲಿ ಇಟ್ಟು ಬಣ್ಣ ಮುಗಿಸಿಕೊಳ್ಳಬೇಕು, ಉಳಿದಂತೆ ಪ್ರತಿ ಸಲ ಹಾಸಿಗೆ ಬಿಸಿಲಿಗೆ ಹಾಕಿ, ನೆಲ, ಬಾಗಿಲ ಹಿಡಿ, ನಲ್ಲಿಗಳನ್ನು ಸೋಪುನೀರಿನಲ್ಲಿ ತೊಳೆದು ಆಮೇಲೆ ಕ್ರಿಮಿನಾಶಕದಿಂದ ಒರೆಸಬೇಕು. ಇದಕ್ಕೆ ಒಂದು ಪೂರ್ತಿ ದಿನ ಬೇಕು, ಅದನ್ನು ಅರ್ಧ ದಿನಕ್ಕೆ ಇಳಿಸಲು ಯಾರೂ ಹೋಗಬಾರದು.

ಇದೆಲ್ಲ ನಡೆಯಬೇಕಾದರೆ ಮುಂದಿನ ಒಪ್ಪಂದದಲ್ಲಿ ಮೂರು ಸಾಲು ಸೇರಿಸಿ. ಕೇರಳದಲ್ಲೂ ಒಪ್ಪಂದ ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು, ಆದ್ದರಿಂದ ಅವಕಾಶ ಬೇಗ ಬರುತ್ತದೆ. ನೋಟಿಸ್ ಕೊಟ್ಟ ಒಂದು ವಾರದೊಳಗೆ ಬಾಡಿಗೆದಾರರ ಅನುಕೂಲದ ಹೊತ್ತಿನಲ್ಲಿ ಒಂದು ಸಲ ಮನೆ ನೋಡಲು ಅನುಮತಿ. ಮನೆ ಬಿಡುವ ದಿನ ಬೆಳಿಗ್ಗೆ ಹನ್ನೊಂದರೊಳಗೆ ಕೀಲಿ. ಮೂರನೆಯದು ನಿಮ್ಮ ಕಡೆಯಿಂದ: ಇಬ್ಬರ ಸಹಿಯ ಪಟ್ಟಿಯಲ್ಲಿ ತಕರಾರಿಲ್ಲದಿದ್ದರೆ ಅಡ್ವಾನ್ಸ್ ಅದೇ ದಿನ ಅವರ ಖಾತೆಗೆ. ಅಡ್ವಾನ್ಸ್ ಯಾವಾಗ ಬರುತ್ತದೋ ಎಂಬ ಆತಂಕವಿಲ್ಲದ ಬಾಡಿಗೆದಾರ ಕೊನೆಯ ತಿಂಗಳ ಬಾಡಿಗೆ ತಡೆಹಿಡಿಯುವುದಿಲ್ಲ, ಪ್ಲಾಸ್ಟಿಕ್ ಹಾಳೆಯ ಫೋಟೊವನ್ನೂ ಮರೆಯದೆ ಕಳಿಸುತ್ತಾನೆ.